ಕೆಂಪು ಶಾಯಿಯ ಹಿಂದಿನ ಕೆಲಸ: ಶಿಕ್ಷಕರ ‘ಕೈಕೆಳಗಿನ ಕಲಿಕೆ’ ನಡೆದು ಬಂದ ದಾರಿ

ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ; ಅವುಗಳಲ್ಲಿ ಕನ್ನಡವೂ ಒಂದು. ಬಿ.ಎಡ್. ಓದುವ ಕನ್ನಡದ ಹುಡುಗಿಯೊಬ್ಬಳು ಇಂಥ ಕನ್ನಡ ಮಾಧ್ಯಮದ ತರಗತಿಗೆ ಇಂಟರ್ನ್‌ಶಿಪ್‌ಗೆಂದು ಬಂದಾಗ, ಮೊದಲ ದಿನ ಅವಳಿಗೆ ಸಿಗುವುದು ಕೊನೆಯ ಬೆಂಚು ಮತ್ತು ಪಾಠ ವೀಕ್ಷಣೆಯ ಪುಸ್ತಕ. ಶಿಕ್ಷಕಿ ಪೀಠಿಕೆ ಹಾಕಿದರೇ, ಪ್ರಶ್ನೆ ಕೇಳಿದರೇ, ಕಪ್ಪು ಹಲಗೆಯನ್ನು ಸರಿಯಾಗಿ ಬಳಸಿದರೇ ಎಂಬ ಅಂಕಣಗಳನ್ನು ಅವಳು ತುಂಬುತ್ತಾಳೆ. ಕೆಲವು ದಿನ ಕಳೆದ ಮೇಲೆ ತಾನೇ ಪಾಠ ಮಾಡುತ್ತಾಳೆ, ಕಾಲೇಜಿನ ಮೇಲ್ವಿಚಾರಕರು ಬಂದು ಅಂಕ ಕೊಟ್ಟು ಹೋಗುತ್ತಾರೆ. ಇದನ್ನು ನಾವು ಅನುಭವಿಗಳ ಕೈಕೆಳಗೆ ಕಲಿಯುವುದು ಎನ್ನುತ್ತೇವೆ. ಆದರೆ ದರ್ಜಿಯ ಅಂಗಡಿಯಲ್ಲಾಗಲಿ, ಇದೇ ಊರಿನ ಉಡುಪಿ ಹೋಟೆಲಿನಲ್ಲಾಗಲಿ ಕೈಕೆಳಗೆ ಕಲಿತವರು ಹೀಗೆ ಕಲಿತಿಲ್ಲ. ಆ ಕಲಿಕೆಗೂ ಈ ಕಲಿಕೆಗೂ ಇರುವ ಅಂತರ ಏನು, ಅದು ಹೇಗೆ ಹುಟ್ಟಿಕೊಂಡಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಿಕ್ಷಕರನ್ನು ಕೆಲಸದ ಜಾಗದಲ್ಲೇ ತಯಾರು ಮಾಡುವ ಯೋಚನೆಗೆ ನಮ್ಮ ನೆಲದ ನಂಟಿದೆ. ಮದರಾಸಿನ ಅನಾಥ ಗಂಡುಮಕ್ಕಳ ಆಶ್ರಮದಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಪ್ರಯೋಗ ಮಾಡಿ 1797ರಲ್ಲಿ ಅದರ ವರದಿಯನ್ನು ಪ್ರಕಟಿಸಿದ. ಊರಿನ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದುದನ್ನು ಕಂಡು ಅವನು ಆ ರೂಢಿಯನ್ನೂ ತನ್ನ ಶಾಲೆಗೆ ತಂದಿದ್ದ. ಈ ಪದ್ಧತಿ ಇಂಗ್ಲೆಂಡಿನಲ್ಲಿ ವ್ಯಾಪಕವಾಗಿ ಹರಡಿತು. 1846ರಲ್ಲಿ ಅಲ್ಲಿನ ಸರ್ಕಾರ ಅದನ್ನು ಬದಿಗಿಟ್ಟು, ಹೆಚ್ಚು ವ್ಯವಸ್ಥಿತವಾದ ವಿದ್ಯಾರ್ಥಿ-ಶಿಕ್ಷಕ ಪದ್ಧತಿಯನ್ನು ತಂದಿತು. ಹದಿಮೂರು ವರ್ಷ ತುಂಬಿದ ಹುಡುಗ ಅಥವಾ ಹುಡುಗಿ ಐದು ವರ್ಷದ ಕರಾರಿನ ಮೇಲೆ ಮುಖ್ಯೋಪಾಧ್ಯಾಯರ ಕೈಕೆಳಗೆ ಸೇರಬೇಕು, ಹಗಲು ತರಗತಿ ನೋಡಿಕೊಳ್ಳಬೇಕು, ಶಾಲೆಯ ಹೊತ್ತಿನ ಆಚೆ ಮುಖ್ಯೋಪಾಧ್ಯಾಯರಿಂದ ಪಾಠ ಹೇಳಿಸಿಕೊಳ್ಳಬೇಕು, ವರ್ಷಕ್ಕೊಮ್ಮೆ ತನಿಖಾಧಿಕಾರಿಯ ಮುಂದೆ ಪರೀಕ್ಷೆ ಕೊಡಬೇಕು. 1854ರ ವುಡ್ ವರದಿ ಭಾರತದಲ್ಲೂ ಈ ಪದ್ಧತಿಯನ್ನೂ ಶಿಕ್ಷಕರ ತರಬೇತಿಗೆ ನಾರ್ಮಲ್ ಶಾಲೆಗಳನ್ನೂ ಆರಂಭಿಸಬೇಕೆಂದು ಹೇಳಿತು. ಆಗ ಮುಂಬೈ ಪ್ರಾಂತದೊಳಗಿದ್ದ ಧಾರವಾಡದ ಕನ್ನಡ ಶಿಕ್ಷಕರಿಗೂ ತರಬೇತಿಯೆಂಬುದು ಈ ಬಾಗಿಲಿನಿಂದಲೇ ಬಂದಿತು.

ಹೀಗೆ ಕಲಿತವರು ಏನನ್ನು ಕಲಿತರು ಎಂಬ ಪ್ರಶ್ನೆಯನ್ನು ಅಮೆರಿಕದ ಜಾನ್ ಡ್ಯೂಯಿ 1904ರಲ್ಲಿ ಎತ್ತಿದರು. ಎಳೆಯ ವಯಸ್ಸಿನಲ್ಲೇ ತುಂಬಿದ ತರಗತಿಯ ಮುಂದೆ ನಿಂತವರು ಮೊದಲು ಕಲಿಯುವುದು ಗದ್ದಲ ಅಡಗಿಸುವುದನ್ನು. ಅದರಲ್ಲಿ ಪಳಗಿದ ಮೇಲೆ, ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಗಮನಿಸುವ ಅಭ್ಯಾಸವೇ ಅವರಲ್ಲಿ ಬೆಳೆಯುವುದಿಲ್ಲ ಎಂಬುದು ಅವರ ಆಕ್ಷೇಪ. ಈ ಮಾತು ನನಗೆ ಇಂದಿಗೂ ನಿಜವೆಂದು ತೋರುತ್ತದೆ. ಆದರೆ ತರಬೇತಿ ಸಂಸ್ಥೆಗಳು ಇದಕ್ಕೆ ಕಂಡುಕೊಂಡ ಪರಿಹಾರ ಇನ್ನೊಂದು ತುದಿಗೆ ಹೋಯಿತು. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮ ಬೋಧನೆ ಹುಟ್ಟಿತು; ಎಪ್ಪತ್ತರ ದಶಕದಲ್ಲಿ ಅದು ಬರೋಡದ ಮೂಲಕ ನಮ್ಮ ಬಿ.ಎಡ್. ಕಾಲೇಜುಗಳಿಗೆ ಹಬ್ಬಿತು. ಪಾಠ ಹೇಳುವುದನ್ನು ಪ್ರಶ್ನೆ ಕೇಳುವ ಕೌಶಲ, ಉದಾಹರಣೆ ಕೊಡುವ ಕೌಶಲ, ಹಲಗೆ ಬಳಸುವ ಕೌಶಲ ಎಂದು ಬಿಡಿಸಿ, ಒಂದೊಂದನ್ನೂ ಆರು ನಿಮಿಷ ಕಲಿಸಿ, ಆರು ನಿಮಿಷ ವಿಮರ್ಶೆ ಕೇಳಿ, ಹನ್ನೆರಡು ನಿಮಿಷದಲ್ಲಿ ಮತ್ತೆ ಯೋಜಿಸಿ, ಪುನಃ ಆರು ನಿಮಿಷ ಕಲಿಸಿ, ಆರು ನಿಮಿಷ ವಿಮರ್ಶೆ ಕೇಳುವ 36 ನಿಮಿಷದ ಸುತ್ತು ಅದು. ಎದುರಿಗೆ ಮಕ್ಕಳಾಗಿ ಕೂರುವವರು ಬಹಳಷ್ಟು ಸಲ ಜೊತೆಯ ಪ್ರಶಿಕ್ಷಣಾರ್ಥಿಗಳೇ. ಉತ್ತರ ಮೊದಲೇ ಗೊತ್ತಿರುವವರು ಉತ್ತರ ಹೇಳುತ್ತಾರೆ. ತಪ್ಪು ತಿಳಿದುಕೊಂಡ ಮಗು ಅಲ್ಲಿ ಇರುವುದೇ ಇಲ್ಲ.

ಇದೇ ಎಪ್ಪತ್ತರ ದಶಕದಲ್ಲಿ ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ, ವಾಯ್ ಮತ್ತು ಗೋಲಾ ಸಮುದಾಯದ ದರ್ಜಿಗಳ ಅಂಗಡಿಗಳಲ್ಲಿ ಹುಡುಗರು ಕಸುಬು ಕಲಿಯುವುದನ್ನು ನೋಡುತ್ತಿದ್ದರು. ಬಟ್ಟೆ ತಯಾರಾಗುವ ಕ್ರಮ ಕತ್ತರಿಸುವುದು, ಹೊಲಿಯುವುದು, ಗುಂಡಿ ಹಾಕಿ ಅಂಚು ಮಡಿಚಿ ಮುಗಿಸುವುದು ಎಂದಿದ್ದರೆ, ಹುಡುಗರು ಕಲಿಯುವ ಕ್ರಮ ಅದಕ್ಕೆ ತಿರುವುಮುರುವಾಗಿತ್ತು. ಮೊದಲು ಗುಂಡಿ ಮತ್ತು ಅಂಚು, ಆಮೇಲೆ ಹೊಲಿಗೆ, ಕಟ್ಟಕಡೆಗೆ ಕತ್ತರಿ. ಗುಂಡಿ ಹಾಕುವ ಹುಡುಗನ ಕೈಯಲ್ಲಿ ಮುಗಿದ ಉಡುಪು ಇರುತ್ತದೆ, ಅದರ ತುಂಡುಗಳು ಹೇಗೆ ಕೂಡಿಕೊಂಡಿವೆ ಎಂಬುದು ಅವನಿಗೆ ಕಾಣುತ್ತದೆ; ಹೊಲಿಯುವಾಗ ಆ ತುಂಡುಗಳನ್ನು ಹಾಗೇ ಏಕೆ ಕತ್ತರಿಸಿದ್ದರು ಎಂಬುದು ಹೊಳೆಯುತ್ತದೆ. ಗುಂಡಿ ತಪ್ಪಿದರೆ ಬಿಚ್ಚಿ ಹಾಕಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹಾಳು. ಸಣ್ಣದಾದರೂ ನಿಜವಾದ ಕೆಲಸ, ತಪ್ಪಿದರೆ ಸಣ್ಣ ನಷ್ಟ, ಮತ್ತು ಇಡೀ ಕೆಲಸದ ನೋಟ, ಈ ಮೂರೂ ಕೂಡಿದ ಜಾಗದಿಂದ ಅವನು ಒಳಕ್ಕೆ ಸರಿಯುತ್ತಾನೆ. ಮುಂಬೈಗೆ ಬಂದ ದಕ್ಷಿಣ ಕನ್ನಡದ ಹುಡುಗರು ಮೇಜು ಒರೆಸುವುದರಿಂದ ಹೊರಟು ಗಲ್ಲಾದವರೆಗೆ ತಲುಪಿದ ದಾರಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1991ರಲ್ಲಿ ಲೇವ್ ಮತ್ತು ಎಟಿಯೆನ್ ವೆಂಗರ್ ಸೇರಿ ಈ ಬಗೆಯ ಕಲಿಕೆಯನ್ನು ಸನ್ನಿವೇಶಬದ್ಧ ಕಲಿಕೆ ಎಂದು ಕರೆದು ಅದರ ಸಿದ್ಧಾಂತವನ್ನು ಮಂಡಿಸಿದರು. ಒಂದು ಕೆಲಸವನ್ನು ಕೂಡಿ ಮಾಡುತ್ತ, ಅದರ ಬಗ್ಗೆ ಮಾತಾಡುತ್ತ, ತಮ್ಮದೇ ಆದ ಪದ, ಉಪಾಯ, ಕತೆಗಳನ್ನು ಕೂಡಿಸಿಟ್ಟುಕೊಂಡವರ ಬಳಗವೇ ವೃತ್ತಿ ಸಮುದಾಯ. ಹೊಸಬರು ಅದರ ಅಂಚಿನಲ್ಲಿ ಒಪ್ಪಿತವಾದ ಜಾಗ ಪಡೆದು ಕ್ರಮೇಣ ಪೂರ್ಣ ಸದಸ್ಯರಾಗುವುದೇ ಕಲಿಕೆ ಎಂಬುದು ಅವರ ವಾದ. ಇದನ್ನು ಕೈಕೆಳಗಿನ ಕಲಿಕೆಯ ಹೊಗಳಿಕೆ ಎಂದು ಓದುವವರು ಆ ಪುಸ್ತಕದಲ್ಲೇ ಇರುವ ಮಾಂಸದಂಗಡಿಯ ಉದಾಹರಣೆಯನ್ನು ಮರೆಯುತ್ತಾರೆ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಮಾಂಸ ಕತ್ತರಿಸುವುದನ್ನು ಕಲಿಯಲು ಬಂದವರನ್ನು ಪೊಟ್ಟಣ ಸುತ್ತುವ ಯಂತ್ರದ ಬಳಿ ನಿಲ್ಲಿಸಿರುತ್ತಿದ್ದರು. ನುರಿತವರು ಕತ್ತರಿಸುತ್ತಿದ್ದ ಮೇಜು ಅವರಿಗೆ ಕಾಣದ ಕಡೆ ಇದ್ದರೆ, ತಿಂಗಳುಗಟ್ಟಲೆ ಅಲ್ಲೇ ಇದ್ದರೂ ಅವರು ಕಲಿಯುತ್ತಿದ್ದುದು ಸುತ್ತುವುದನ್ನು ಮಾತ್ರ. ಎಷ್ಟು ಹೊತ್ತು ಅಂಗಡಿಯಲ್ಲಿದ್ದರು ಎಂಬುದಕ್ಕಿಂತ ಏನು ಕಣ್ಣಿಗೆ ಬೀಳುತ್ತಿತ್ತು ಎಂಬುದು ಅಲ್ಲಿ ಎಲ್ಲವನ್ನೂ ನಿರ್ಧರಿಸಿತು.

ಭಾರತದ ನಿಯಮಗಳು ಮುಖ್ಯವಾಗಿ ಹೊತ್ತನ್ನು ಹೆಚ್ಚಿಸಿದವು. ಒಂದು ವರ್ಷದ ಬಿ.ಎಡ್. ಇದ್ದಾಗ ಬೋಧನಾಭ್ಯಾಸಕ್ಕೆ ನಲವತ್ತು ದಿನ ಸಿಗುತ್ತಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿ, ಮೊದಲ ವರ್ಷ ನಾಲ್ಕು ವಾರ, ಎರಡನೆಯ ವರ್ಷ ಹದಿನಾರು ವಾರ ಶಾಲೆಯಲ್ಲಿರಬೇಕೆಂದಿತು. ಅಷ್ಟು ದೀರ್ಘ ಕಾಲ ಒಂದೇ ಶಾಲೆಯಲ್ಲಿ ನೆಲೆ ನಿಲ್ಲಲು ಸಾಧ್ಯವಾದದ್ದು ದೊಡ್ಡ ಬದಲಾವಣೆಯೇ. ಆದರೆ ಶಿಕ್ಷಕ ವೃತ್ತಿಯಲ್ಲಿ ಕತ್ತರಿಯ ಮೇಜು ಯಾವುದು ಎಂಬುದನ್ನು ಯಾವ ನಿಯಮವೂ ತೋರಿಸಿಕೊಡಲಾರದು. ನಾನು ನೋಡಿದ ಒಂದು ಸಂದರ್ಭವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯ ಐದನೆಯ ತರಗತಿ. ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಮನೆಗಳವರು. ಎರಡಂಕಿಯ ಕಳೆಯುವ ಲೆಕ್ಕದಲ್ಲಿ ಕೆಲವರಿನ್ನೂ ಎಡವುತ್ತಿದ್ದರು. ಪ್ರಶಿಕ್ಷಣಾರ್ಥಿ ಕೊಟ್ಟ 52 − 27ಕ್ಕೆ ಇಬ್ಬರು ಹುಡುಗರು 35 ಎಂದು ಬರೆದರು. ಅವಳು ಇಬ್ಬರಿಗೂ ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಸರಿಯುತ್ತರ 25 ಎಂದು ಬರೆದು, ಹತ್ತನ್ನು ಎರವಲು ತರುವ ಕ್ರಮವನ್ನು ಹಲಗೆಯ ಮೇಲೆ ಮತ್ತೊಮ್ಮೆ ವಿವರಿಸಿದಳು. ಮೇಲ್ವಿಚಾರಕರು ಅಂದು ಬಂದಿದ್ದರೆ ಒಳ್ಳೆಯ ಅಂಕವೇ ಸಿಗುತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ತರಗತಿಯ ಶಿಕ್ಷಕಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಎರಡು ನೋಟ್‌ಬುಕ್ಕುಗಳ ಹಿಂದಿನ ಪುಟಗಳನ್ನು ತೆರೆದರು. 41 − 18ಕ್ಕೆ ಮೊದಲ ಹುಡುಗ 37 ಎಂದು ಬರೆದಿದ್ದ, ಎರಡನೆಯವನು 33 ಎಂದು.

“ನೋಡವ್ವಾ, ಇಬ್ಬರದೂ ಒಂದೇ ತಪ್ಪಲ್ಲ” ಎಂದರು. “ಇವ ಸಣ್ಣ ಅಂಕಿ ಎಲ್ಲೇ ಇರಲಿ, ದೊಡ್ಡದರಾಗಿಂದ ಕಳೀತಾನ. ಎಂಟರಾಗ ಒಂದು ಹೋದರ ಏಳು, ನಾಕರಾಗ ಒಂದು ಹೋದರ ಮೂರು. ಅವ ಎರವಲು ತರತಾನ, ಖರೆ. ಆದರ ಕೊಟ್ಟ ಮನ್ಯಾಗ ಒಂದು ಕಡಿಮಿ ಆತು ಅನ್ನೂದು ಮರೀತಾನ. ಹನ್ನೊಂದರಾಗ ಎಂಟು ಹೋದರ ಮೂರು, ನಾಕರಾಗ ಒಂದು ಹೋದರ ಮತ್ತ ಮೂರು.”

52 − 27 ಎಂಬ ಲೆಕ್ಕದಲ್ಲಿ ಏಳರಲ್ಲಿ ಎರಡು ಕಳೆದರೂ ಐದು, ಹನ್ನೆರಡರಲ್ಲಿ ಏಳು ಕಳೆದರೂ ಐದು. ಆದ್ದರಿಂದಲೇ ಎರಡು ಬೇರೆ ತಪ್ಪು ತಿಳಿವಳಿಕೆಗಳು 35 ಎಂಬ ಒಂದೇ ಉತ್ತರದಲ್ಲಿ ಅಡಗಿಕೊಂಡಿದ್ದವು. ಮೊದಲ ಹುಡುಗನಿಗೆ ಎರಡಂಕಿಯ ಸಂಖ್ಯೆ ಇನ್ನೂ ಒಂದು ಮೊತ್ತವಾಗಿ ಕಂಡಿಲ್ಲ. ಅವನಿಗೆ ಹತ್ತರ ಕಟ್ಟು ಮತ್ತು ಬಿಡಿ ಕಡ್ಡಿಗಳನ್ನು ಕೈಗೆ ಕೊಟ್ಟು, ಕಟ್ಟು ಬಿಚ್ಚುವುದರಿಂದ ಶುರು ಮಾಡಬೇಕು. ಎರಡನೆಯವನಿಗೆ ಅದೆಲ್ಲ ಗೊತ್ತಿದೆ, ಬಿಚ್ಚಿದ ಕಟ್ಟಿನ ಲೆಕ್ಕ ಇಡುವುದಷ್ಟೇ ಬಿಟ್ಟುಹೋಗಿದೆ. ಹಲಗೆಯ ಮೇಲೆ ಮಾಡಿದ ಮರುವಿವರಣೆ ಇಬ್ಬರಿಗೂ ಬೇಕಾದದ್ದಾಗಿರಲಿಲ್ಲ. ಮರುದಿನ ಎಂಥ ಲೆಕ್ಕ ಕೊಟ್ಟರೆ ಎರಡು ತಪ್ಪುಗಳು ಬೇರೆ ಬೇರೆ ಉತ್ತರಗಳಾಗಿ ಹೊರಬೀಳುತ್ತವೆ ಎಂದು ಶಿಕ್ಷಕಿಯೂ ಪ್ರಶಿಕ್ಷಣಾರ್ಥಿಯೂ ಕೂತು ಹುಡುಕಿದರು. 63 − 25 ಆರಿಸಿಕೊಂಡರು: ಮೊದಲ ಬಗೆಯ ತಪ್ಪಿಗೆ 42 ಬರುತ್ತದೆ, ಎರಡನೆಯದಕ್ಕೆ 48, ಸರಿಯುತ್ತರ 38.

ಶಿಕ್ಷಕ ವೃತ್ತಿಯ ಕತ್ತರಿಯ ಮೇಜು ಇದೇ ಎಂದು ನಾನು ತಿಳಿದಿದ್ದೇನೆ: ಬರೆದ ಉತ್ತರದಿಂದ ಮಗುವಿನ ಯೋಚನೆಗೆ ಹಿಂದೆ ನಡೆಯುವುದು, ಆ ಯೋಚನೆಗೆ ತಕ್ಕ ಮುಂದಿನ ಲೆಕ್ಕವನ್ನು ಆರಿಸುವುದು. ಪಾಠ ವೀಕ್ಷಣೆಯ ಪುಸ್ತಕದಲ್ಲಿ ಇದಕ್ಕೆ ಅಂಕಣವಿಲ್ಲ, ಏಕೆಂದರೆ ಇದು ಕೊನೆಯ ಬೆಂಚಿಗೆ ಕಾಣುವಂಥದಲ್ಲ. ಪಾಠ ಮುಗಿದ ಮೇಲೆ, ಸ್ಟಾಫ್ ರೂಮಿನಲ್ಲಿ, ಬಹುತೇಕ ಮೌನವಾಗಿ ನಡೆಯುವ ಕೆಲಸವಿದು. ಆದರೆ ನೋಟ್‌ಬುಕ್ ತಿದ್ದುವುದರಲ್ಲಿ ಗುಂಡಿ ಹಾಕುವ ಕೆಲಸದ ಗುಣವಿದೆ. ಅದು ನಿಜವಾದ ಕೆಲಸ, ತಪ್ಪಿದರೆ ಮರುದಿನ ಸರಿಪಡಿಸಬಹುದು, ಮುಗಿದ ಪಾಠ ಮಗುವಿನೊಳಗೆ ಹೇಗೆ ಕೂಡಿಕೊಂಡಿದೆ ಎಂಬುದು ಅಲ್ಲಿ ಕಾಣುತ್ತದೆ. ಇಂಟರ್ನ್‌ಶಿಪ್ಪಿನ ಮೊದಲ ವಾರಗಳಲ್ಲಿ ಇಡೀ ಪಾಠ ಮಾಡಿಸುವ ಬದಲು ಶಿಕ್ಷಕಿಯ ಜೊತೆ ಕೂತು ತಿದ್ದಿಸುವುದೇ ಸರಿಯಾದ ಆರಂಭ ಎಂದು ನನಗನ್ನಿಸುವುದು ಈ ಕಾರಣಕ್ಕೆ. ಆದರೆ ಜೊತೆ ಕೂರಬೇಕು. ನೋಟ್‌ಬುಕ್ಕುಗಳ ರಾಶಿಯನ್ನು ಒಪ್ಪಿಸಿ ಶಿಕ್ಷಕಿ ಬೇರೆ ಕೆಲಸಕ್ಕೆ ಹೋದರೆ ಅದು ಪೊಟ್ಟಣ ಸುತ್ತುವ ಯಂತ್ರವೇ ಆಗುತ್ತದೆ. ಯಾವುದು ನಡೆಯುತ್ತಿದೆ ಎಂದು ತಿಳಿಯುವುದು ಕಷ್ಟವಲ್ಲ. ಮೂರು ವಾರದ ಬಳಿಕ “ಎಷ್ಟು ಮಕ್ಕಳು ತಪ್ಪಿದರು” ಎಂದು ಕೇಳಿದಾಗ ಪ್ರಶಿಕ್ಷಣಾರ್ಥಿ ಬರಿಯ ಸಂಖ್ಯೆ ಹೇಳುತ್ತಾಳೋ, ಅಥವಾ ಯಾರು ಹೇಗೆ ತಪ್ಪಿದರು ಎಂದು ಹೇಳುತ್ತಾಳೋ ಎಂಬುದನ್ನು ಗಮನಿಸಿದರೆ ಸಾಕು.

ಲೇವ್ ಮತ್ತು ವೆಂಗರ್ ಅವರ ಸಿದ್ಧಾಂತಕ್ಕೆ ಮಿತಿಯೂ ಇದೆ. ಸಮುದಾಯದಲ್ಲಿ ಏನಿದೆಯೋ ಅದನ್ನೇ ಹೊಸಬರು ಕಲಿಯುತ್ತಾರೆ. ತಪ್ಪು ಹಾಕಿ ಮುಂದೆ ಹೋಗುವುದೇ ಅಲ್ಲಿನ ರೂಢಿಯಾಗಿದ್ದರೆ ಹದಿನಾರು ವಾರದಲ್ಲಿ ಆ ರೂಢಿಯೇ ಗಟ್ಟಿಯಾಗುತ್ತದೆ. ಡ್ಯೂಯಿಯ ಆಕ್ಷೇಪ ಇಲ್ಲಿ ಮರಳಿ ಬರುತ್ತದೆ, ಹೊರಗಿನಿಂದ ಪ್ರಶ್ನೆ ತರುವ ಕಾಲೇಜಿನ ಪಾತ್ರ ಉಳಿಯುವುದೂ ಇಲ್ಲೇ. ಮುಂಬೈಯ ಕನ್ನಡ ಶಾಲೆಗಳಿಗೆ ಇನ್ನೊಂದು ತೊಡಕಿದೆ. ಮಕ್ಕಳ ಸಂಖ್ಯೆ ಇಳಿದು ಒಬ್ಬರೋ ಇಬ್ಬರೋ ಶಿಕ್ಷಕರು ಉಳಿದ ಕಡೆ ಸಮುದಾಯ ಎನ್ನಲು ಯಾರೂ ಇರುವುದಿಲ್ಲ. ಅಲ್ಲಿಗೆ ಬಂದ ಪ್ರಶಿಕ್ಷಣಾರ್ಥಿ ಎರಡನೆಯ ದಿನವೇ ಖಾಲಿ ತರಗತಿ ತುಂಬುವ ಶಿಕ್ಷಕಿಯಾಗಿಬಿಡುತ್ತಾಳೆ, ಅಂಚಿನ ಜಾಗವೇ ಅವಳಿಗೆ ಸಿಗುವುದಿಲ್ಲ. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ ಮಾಧ್ಯಮದ ತರಗತಿಗಳೂ ನಡೆಯುವ ಶಾಲೆಗಳಲ್ಲಿ ಗಣಿತದ ನೋಟ್‌ಬುಕ್ಕನ್ನಾದರೂ ಪಕ್ಕದ ಕೋಣೆಯ ಶಿಕ್ಷಕರ ಮುಂದಿಡಬಹುದು. 37 ಮತ್ತು 33ರ ನಡುವಿನ ವ್ಯತ್ಯಾಸವನ್ನು ಓದಲು ಅವರಿಗೆ ಕನ್ನಡ ಬರಬೇಕೆಂದಿಲ್ಲ. ಭಾಷೆಯ ನೋಟ್‌ಬುಕ್ಕಿಗೆ ಆ ಅನುಕೂಲವಿಲ್ಲ. ಕಲಬುರಗಿಯ ಮಗು ತನ್ನ ಮನೆಯ ಮಾತಿನಂತೆ “ಬರಕತ್ತೀನಿ” ಎಂದು ಬರೆದದ್ದನ್ನು ತಪ್ಪೆಂದು ಹೊಡೆಯಬೇಕೋ, ಮನೆಯ ಮಾತಿನಿಂದ ಪುಸ್ತಕದ ಭಾಷೆಗೆ ದಾಟಿಸಬೇಕೋ ಎಂದು ಕೂತು ಮಾತಾಡಲು ಇನ್ನೊಬ್ಬ ಕನ್ನಡ ಶಿಕ್ಷಕಿಯೇ ಬೇಕು, ಅವರು ಎರಡು ಲೋಕಲ್ ಸ್ಟೇಷನ್ ಆಚೆಯ ಶಾಲೆಯಲ್ಲಿರುತ್ತಾರೆ.