ಕುಣಿಕೆ ಕೆಳಗೆ, ತಪ್ಪು ಮೇಲೆ

ನಮ್ಮ ಪಕ್ಕದ ಮನೆ ಅಕ್ಕ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಕೂತು ಜೀನ್ಸ್ ರಿಪೇರಿ, ಆಲ್ಟರೇಶನ್ ಮಾಡುತ್ತಾರೆ. ಮೊನ್ನೆ ಒಂದು ಪ್ಯಾಂಟಿನ ಕಾಲು ತಿರುವಿ ತೋರಿಸಿದರು. ಮೇಲೆ ಹೊಲಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅಡಿಯಲ್ಲಿ ಮಾತ್ರ ಟವೆಲಿನ ಎಳೆಗಳ ಹಾಗೆ ಕುಣಿಕೆಗಳ ಸಾಲು. "ಬಾಬಿನ್ ಕೆಟ್ಟೈತಿ ನೋಡ್ರಿ" ಅಂದರು. ಅಡಿಯ ದಾರ ಸುತ್ತಿಟ್ಟ ಬಾಬಿನ್ ಕೂರುವ ಕೇಸಿನ ಸ್ಕ್ರೂವನ್ನು ಆಗಲೇ ಅರ್ಧ ಸುತ್ತು ಬಿಗಿ ಮಾಡಿದ್ದರು.

ಕುಣಿಕೆ ಕೆಳಗಿದ್ದರೆ ತಪ್ಪೂ ಕೆಳಗೇ ಇರಬೇಕು ಅಂತ ಅನಿಸುವುದು ಸಹಜ, ಅಲ್ವಾ? ಹೊಲಿಗೆಯಲ್ಲಿ ಇದು ಉಲ್ಟಾ. ಪರೀಕ್ಷೆಗೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ, ಚಿಂದಿಯನ್ನು ಎರಡು ಮಡಿಕೆ ಮಾಡಿ ಒಂದು ಗೇಣು ಹೊಲಿದೆವು. ಅಡಿಯಲ್ಲಿದ್ದ ಕುಣಿಕೆಗಳೆಲ್ಲ ಕೆಂಪು. ಅಂದರೆ ಸಡಿಲವಾಗಿರುವುದು ಮೇಲಿನ ದಾರ.

ಯಾಕೆ ಹೀಗೆ? ಸೂಜಿ ಬಟ್ಟೆ ದಾಟಿ ಕೆಳಗಿಳಿದು, ಮತ್ತೆ ಮೇಲೇಳಲು ಶುರು ಮಾಡಿದಾಗ ಅದರ ಪಕ್ಕದಲ್ಲಿ ದಾರ ಸ್ವಲ್ಪ ಉಬ್ಬುತ್ತದೆ. ಆ ಉಬ್ಬನ್ನು ಶಟಲ್‌ನ ಚೂಪು ಮೂತಿ ಹಿಡಿದು, ಹಿಗ್ಗಿಸಿ, ಇಡೀ ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಅಷ್ಟು ದೊಡ್ಡ ಕುಣಿಕೆಗೆ ಹಲವು ಸೆಂಟಿಮೀಟರ್ ದಾರ ಬೇಕು. ಆದರೆ 2.5 ಮಿಲಿಮೀಟರ್ ಉದ್ದದ ಒಂದು ಹೊಲಿಗೆಯಲ್ಲಿ ಖರ್ಚಾಗುವುದು ಕೆಲವೇ ಮಿಲಿಮೀಟರ್. ಉಳಿದದ್ದೆಲ್ಲ ವಾಪಸ್ ಮೇಲೆ ಬರಬೇಕು. ಆ ಕೆಲಸ ಮಷಿನ್ನಿನ ಮುಂದೆ ಏರಿಳಿಯುವ ತೂತಿನ ಕಡ್ಡಿಯದ್ದು, ಟೇಕಪ್ ಲಿವರ್‌ನದ್ದು.

ಈ ಕಡ್ಡಿ ಮೇಲೇಳುವಾಗ ದಾರ ಎರಡು ಕಡೆಯಿಂದ ಬರಬಹುದು. ಕೆಳಗಿನ ಕುಣಿಕೆಯಿಂದ, ಇಲ್ಲವೇ ರೀಲಿನಿಂದ. ಟೆನ್ಷನ್ ಡಿಸ್ಕ್‌ಗಳು ರೀಲಿನ ಕಡೆಯ ದಾರವನ್ನು ಒತ್ತಿ ಹಿಡಿದಿದ್ದರೆ ಕಡ್ಡಿ ಕೆಳಗಿನ ಕುಣಿಕೆಯನ್ನು ಎಳೆಯಲೇಬೇಕು. ಗಂಟು ಬಟ್ಟೆಯ ನಡುವೆ ಹೋಗಿ ಕೂರುತ್ತದೆ. ಡಿಸ್ಕ್ ಹಿಡಿಯದಿದ್ದರೆ? ರೀಲಿನಿಂದ ದಾರ ಸುಮ್ನೆ ಬಿಚ್ಚಿಕೊಂಡು ಬರುತ್ತದೆ. ಕಡ್ಡಿ ಅದನ್ನೇ ಎಳೆದುಕೊಳ್ಳುತ್ತದೆ, ಕುಣಿಕೆ ಕೆಳಗೇ ಉಳಿಯುತ್ತದೆ. ಬಾಬಿನ್ ಬಿಗಿ ಮಾಡಿದರೆ ಅದು ಮೇಲಿನ ದಾರವನ್ನು ಇನ್ನೂ ಕೆಳಗೆ ಜಗ್ಗುತ್ತದೆ, ಅಷ್ಟೇ.

ಡಿಸ್ಕ್ ಹಿಡಿಯುತ್ತಿದೆಯೋ ಇಲ್ಲವೋ ನೋಡಲು ಒಂದು ನಿಮಿಷ ಸಾಕು. ಹೆಚ್ಚಿನ ಮಷಿನ್‌ಗಳಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಎತ್ತಿದರೆ ಡಿಸ್ಕ್ ಬಿಚ್ಚಿಕೊಳ್ಳುತ್ತದೆ, ಇಳಿಸಿದರೆ ಮುಚ್ಚಿಕೊಳ್ಳುತ್ತದೆ. ಫುಟ್ ಎತ್ತಿ ಸೂಜಿಯ ಹತ್ತಿರ ದಾರ ಎಳೆಯಿರಿ, ಸಲೀಸಾಗಿ ಬರಬೇಕು. ಫುಟ್ ಇಳಿಸಿ ಎಳೆಯಿರಿ, ಕೈಗೆ ಬಿಗಿ ಹತ್ತಬೇಕು, ಸೂಜಿ ಸ್ವಲ್ಪ ಬಾಗಬೇಕು. ಅಕ್ಕನ ಮಷಿನ್ನಿನಲ್ಲಿ ಎರಡು ಸಲವೂ ದಾರ ಒಂದೇ ಥರ ಬಂತು. ಟೆನ್ಷನ್ ತಿರುಪನ್ನು ಅವರು ಎರಡು ಸುತ್ತು ಬಿಗಿ ಮಾಡಿದ್ದರೂ ಏನೂ ವ್ಯತ್ಯಾಸ ಇರಲಿಲ್ಲ. ದಾರ ಡಿಸ್ಕ್‌ಗಳ ನಡುವೆ ಇಲ್ಲದಿದ್ದರೆ ಎಷ್ಟು ತಿರುಗಿಸಿದರೇನು?

ಫುಟ್ ಎತ್ತಿ, ತೆಳು ಬಟ್ಟೆಯ ಮಡಿಕೆಯನ್ನು ಡಿಸ್ಕ್‌ಗಳ ನಡುವೆ ತೂರಿಸಿ ಹಿಂದೆ ಮುಂದೆ ಎಳೆದೆವು. ಜೀನ್ಸಿನ ನೀಲಿ ಜುಂಗು, ಅದರೊಳಗೆ ಸಿಕ್ಕಿಕೊಂಡಿದ್ದ ದಪ್ಪ ದಾರದ ತುಂಡು ಹೊರಗೆ ಬಂತು. ಡಿಸ್ಕ್ ಮುಚ್ಚಿಕೊಳ್ಳದಂತೆ ಅದೇ ತಡೆದಿತ್ತು. ಜೊತೆಗೆ ಅಕ್ಕ ಫುಟ್ ಇಳಿಸಿಕೊಂಡೇ ದಾರ ಪೋಣಿಸುವವರು. ಮುಚ್ಚಿದ ಡಿಸ್ಕ್‌ನೊಳಗೆ ದಾರ ಇಳಿಯುವುದು ಕಷ್ಟ, ಅಂಚಿನ ಮೇಲೆಯೇ ಕೂತುಬಿಡುತ್ತದೆ. ಈ ಸಲ ಫುಟ್ ಎತ್ತಿ, ಮೊದಲಿನಿಂದ ಪೋಣಿಸಿದರು. ಲಿವರ್‌ನ ತೂತಿನಲ್ಲಿ ದಾರ ಇದೆಯಾ ಅಂತಲೂ ನೋಡಿದೆವು. ಅದೊಂದು ತಪ್ಪಿದರೆ ನಾಲ್ಕೇ ಹೊಲಿಗೆಗೆ ಅಡಿಯಲ್ಲಿ ಗುಬ್ಬಿಗೂಡು ಕಟ್ಟಿ ಮಷಿನ್ ನಿಂತೇ ಹೋಗುತ್ತದೆ.

ಕುಣಿಕೆ ಹೋಯಿತು. ಆದರೆ ಹೊಲಿಗೆ ಬಟ್ಟೆಯನ್ನು ನೆರಿಗೆ ಹಿಡಿಯಿತು, ಎಳೆದರೆ ದಾರ ಪಟ್ ಅಂತ ಹರಿಯಿತು. ಇದು ರಿಪೇರಿ ಮಾಡಲು ಹೋಗಿ ತಂದುಕೊಂಡ ತೊಂದರೆ. ಮೇಲೂ ಬಿಗಿ, ಕೆಳಗೂ ಬಿಗಿ. ಗಂಟು ನಡುವೆಯೇ ಇದೆ, ಆದರೆ ಎರಡೂ ದಾರ ಜಾಸ್ತಿ ಜಗ್ಗುತ್ತಿವೆ. ಮೇಲಿನ ತಿರುಪನ್ನು ಎರಡು ಸುತ್ತು ಸಡಿಲಿಸಿದೆವು. ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗುಬಿಟ್ಟು ಕೈಯನ್ನು ಮೆಲ್ಲಗೆ ಜಗ್ಗಿದರೆ ಅದು ಒಂದೆರಡು ಇಂಚು ಜಾರಿ ನಿಲ್ಲಬೇಕು. ಇದು ಅಲ್ಲಾಡಲೇ ಇಲ್ಲ. ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ತೂಗುಬಿಟ್ಟು ನೋಡಿ, ಅರ್ಧ ಸುತ್ತು ವಾಪಸ್ ತಂದೆವು.

ಎಲ್ಲ ಕುಣಿಕೆಗೂ ಟೆನ್ಷನ್ ಕಾರಣ ಅಂತ ಹೇಳಲಾರೆ. ಡಿಸ್ಕ್ ಸರಿಯಾಗಿ ಹಿಡಿದಿದ್ದೂ ಅಲ್ಲೊಂದು ಇಲ್ಲೊಂದು ಕುಣಿಕೆ ಬಂದರೆ ನಾನು ಮೊದಲು ಸೂಜಿ ಬದಲಿಸುತ್ತೇನೆ. ಜೀನ್ಸಿಗೆ 16ನೇ ನಂಬರ್. ಆಮೇಲೂ ಹೋಗದಿದ್ದರೆ ಶಟಲ್ ಮೂತಿಯ ಮೇಲೆ ಉಗುರು ಆಡಿಸಿ ನೋಡಬೇಕು. ಅಲ್ಲಿ ತರಚು ಸಿಕ್ಕಿದರೆ ದಾರ ಅಲ್ಲೇ ತಡೆದುಕೊಳ್ಳುತ್ತಿದೆ.

ಅಕ್ಕ ಈಗ ಬಾಬಿನ್ ಕೇಸಿನ ಸ್ಕ್ರೂ ತಲೆಯಿಂದ ಕೇಸಿನವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದಾರೆ. ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ.