ಹುಲಿ ಕುರಿ ಆಟ: ಖಾಲಿ ಮನೆಯನ್ನು ಬೆನ್ನ ಹಿಂದೆ ತಳ್ಳುವುದು ಹೇಗೆ

ಶನಿವಾರ ಸಂಜೆ ಮಕ್ಕಳಿಗೆ ಹಳೆಯ ಮಣೆಯಾಟಗಳನ್ನು ಹೇಳಿಕೊಡುತ್ತೇನೆ. ಹುಲಿ ಕುರಿ ಆಟಕ್ಕೆ ಕೂತರೆ ಎಲ್ಲರಿಗೂ ಹುಲಿಯೇ ಬೇಕು. ಕುರಿ ಹಿಡಿದವರು ಎರಡು ಆಟ ಸೋತ ಮೇಲೆ "ಸರ್, ಕುರಿ ಗೆಲ್ಲೋದೇ ಇಲ್ಲ" ಅನ್ನುತ್ತಾರೆ. ಗೆಲ್ಲುತ್ತದೆ. ಆದರೆ ಹುಲಿಯನ್ನು ಅಟ್ಟಿಸಿಕೊಂಡು ಹೋದರೆ ಆಗುವುದಿಲ್ಲ, ಖಾಲಿ ಮನೆಗಳ ಲೆಕ್ಕ ಇಟ್ಟುಕೊಳ್ಳಬೇಕು.

ನಾನು ಹೇಳುತ್ತಿರುವುದು 3 ಹುಲಿ, 15 ಕುರಿಯ ಪಟ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದುಕೊಳ್ಳಿ. ಮೇಲೆ ಒಂದು ತುದಿ. ಅಲ್ಲಿಂದ ನಾಲ್ಕು ಗೆರೆ ಬೀಸಣಿಗೆಯ ಹಾಗೆ ಬುಡದವರೆಗೆ ಇಳಿಯುತ್ತವೆ. ಅವನ್ನು ಮೂರು ಅಡ್ಡ ಸಾಲು ಕತ್ತರಿಸುತ್ತವೆ, ಎರಡೂ ಪಕ್ಕಕ್ಕೆ ಒಂದೊಂದು ಮನೆಯಷ್ಟು ಹೊರಗೆ ಚಾಚಿರುತ್ತವೆ. ಆ ಹೊರಗಿನ ಮನೆಗಳನ್ನು ಮೇಲಿಂದ ಕೆಳಕ್ಕೆ ಒಂದು ಗೆರೆ ಸೇರಿಸುತ್ತದೆ, ಬುಡದ ಮನೆಗಳನ್ನು ಒಂದು ಅಡ್ಡ ಗೆರೆ. ಹಾಗಾಗಿ ತುದಿಯಲ್ಲಿ 1 ಮನೆ, ಮೂರು ಸಾಲಿನಲ್ಲಿ ತಲಾ 6, ಬುಡದಲ್ಲಿ 4, ಒಟ್ಟು 23. ಸಾಲಿನ ಮನೆಗಳಿಗೆ ಎಡದಿಂದ 1ರಿಂದ 6 ಅಂತ ಎಣಿಸೋಣ. ಬುಡದಲ್ಲಿ ಹೊರಗಿನ ಮನೆ ಇಲ್ಲ, ಆದ್ದರಿಂದ ಅಲ್ಲಿ 2ರಿಂದ 5 ಮಾತ್ರ. ಹುಲಿಗಳು ತುದಿಯಲ್ಲಿ ಒಂದು, ಮೊದಲ ಸಾಲಿನ 3 ಮತ್ತು 4ರಲ್ಲಿ ಒಂದೊಂದು ಕೂತು ಆಟ ಶುರು. ಕುರಿ ಒಂದೊಂದಾಗಿ ಇಳಿಯುತ್ತದೆ. ಹದಿನೈದೂ ಇಳಿಯುವ ತನಕ ಕುರಿ ನಡೆಸುವ ಹಾಗಿಲ್ಲ. ಪಕ್ಕದ ಕುರಿಯ ಆಚೆ, ಅದೇ ಗೆರೆಯಲ್ಲಿ, ಮನೆ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ.

ಈಗ ಲೆಕ್ಕ. 23 ಮನೆಯಲ್ಲಿ 18 ಕಾಯಿ ಕೂತರೆ ಖಾಲಿ ಉಳಿಯುವುದು 5. ಒಂದು ಕುರಿಯೂ ಸಾಯದಿದ್ದರೆ ಆಟ ಮುಗಿಯುವವರೆಗೂ ಐದೇ. ಆ ಐದು ಹುಲಿಗಳ ಕಡೆ ಇದ್ದರೆ ಹುಲಿ ಓಡಾಡುತ್ತದೆ. ಐದೂ ಕುರಿಗಳ ಬೆನ್ನ ಹಿಂದೆ ಬಂದವೋ, ಹುಲಿ ಅಲ್ಲಾಡುವ ಹಾಗಿಲ್ಲ. ಕುರಿ ಆಡುವವರ ಕೆಲಸ ಅಂದರೆ ಖಾಲಿ ಮನೆಗಳನ್ನು ಒಂದೊಂದಾಗಿ ಹಿಂದಕ್ಕೆ ಸಾಗಿಸುವುದು.

ಮೊದಲು ಇಳಿಸುವ ಕ್ರಮ. ಯಾವ ಹುಲಿಯೂ ಯಾವತ್ತೂ ತಿನ್ನಲಾಗದ ಮನೆಗಳಿವೆ. ಮೊದಲ ಸಾಲಿನ 1 ಮತ್ತು 6, ಮೂರನೇ ಸಾಲಿನ 1 ಮತ್ತು 6, ಬುಡದ 2 ಮತ್ತು 5. ಅಲ್ಲಿ ಬರುವ ಗೆರೆಗಳೆಲ್ಲ ಅಲ್ಲೇ ಮುಗಿಯುತ್ತವೆ, ಆಚೆ ಹಾರಲು ಮನೆಯೇ ಇಲ್ಲ. ಮೊದಲ ಆರು ಕುರಿ ಇಲ್ಲಿಗೆ. ಎರಡನೇ ಸಾಲಿನ 1ರ ಮೇಲೂ ಕೆಳಗೂ ಈಗ ಕುರಿ ಇರುವುದರಿಂದ ಅದೂ ಗಟ್ಟಿ, 6 ಕೂಡ ಹಾಗೇ. ಬುಡದ 3 ಮತ್ತು 4ಕ್ಕೆ ಅಂಚಿನ ಕುರಿಗಳು ಕಾವಲು. ಅಲ್ಲಿಗೆ ಹತ್ತು ಕುರಿ. ಆಮೇಲೆ ಮೂರನೇ ಸಾಲನ್ನು ಅಂಚಿನಿಂದ ಒಳಕ್ಕೆ ತುಂಬಿ: 2, 5, ಮತ್ತೆ 3, 4. ಹದಿನೈದನೆಯದು ಎರಡನೇ ಸಾಲಿನ 2ಕ್ಕೆ. ಪ್ರತಿ ಕುರಿಯ ಬೆನ್ನಿಗೆ ಮೊದಲೇ ಒಂದು ಕುರಿ ಕೂತಿರುತ್ತದೆ, ಅದಕ್ಕೇ ಸಾಯುವುದಿಲ್ಲ.

ಹುಲಿ ಸುಮ್ನೆ ನೋಡುತ್ತಾ ಕೂರುವುದಿಲ್ಲ, ನಿಮ್ಮ ಅಂಚಿಗೆ ತಾನೇ ಬಂದು ಕೂರುತ್ತದೆ. ಗಾಬರಿ ಬೇಡ, ಅಂಚಿಗೆ ಬಂದ ಹುಲಿಯನ್ನು ಕಟ್ಟುವುದು ಸುಲಭ. ಮೊದಲ ಮತ್ತು ಮೂರನೇ ಸಾಲಿನ 1ರಲ್ಲಿ ನಿಮ್ಮ ಕುರಿ ಇದ್ದು, ಎರಡನೇ ಸಾಲಿನ 1ಕ್ಕೆ ಹುಲಿ ಬಂತು ಅನ್ನಿ. ಅದಕ್ಕಿರುವ ದಾರಿ ಪಕ್ಕದ 2 ಒಂದೇ. ಮೊದಲು 3ಕ್ಕೆ ಕುರಿ ಇಳಿಸಿ, ಆಮೇಲೆ 2ಕ್ಕೆ. ತಿರುಗಾಮುರುಗಾ ಮಾಡಿದರೆ 2ರ ಕುರಿಯನ್ನು ಹಾರಿ 3ಕ್ಕೆ ಹೋಗಿಬಿಡುತ್ತದೆ. ಆ 2, 3ರ ಕುರಿಗಳ ಮೇಲೆ ಬೇರೆ ಹುಲಿಯ ಕಣ್ಣು ಇದೆಯಾ ಅಂತಲೂ ನೋಡಿಕೊಳ್ಳಬೇಕು. ಮೂಲೆಗೆ ಬಂದ ಹುಲಿಗಾದರೆ ನಾಲ್ಕು ಕುರಿ ಬೇಕಾಗುತ್ತದೆ.

ನಿಜವಾದ ಕಷ್ಟ ಬರುವುದು ಕುರಿ ನಡೆಸಲು ಶುರು ಮಾಡಿದಾಗ. ಮುಂದೆ ಹೋದ ಕುರಿ ಹಿಂದೆ ಒಂದು ತೂತು ಬಿಡುತ್ತದೆ. ಹೋದ ವಾರ ಒಬ್ಬ ಹುಡುಗಿ ಹದಿನೈದನ್ನೂ ಚೆನ್ನಾಗಿ ಇಳಿಸಿದಳು. ಆಮೇಲೆ ಮೂರನೇ ಸಾಲಿನ 3ರ ಕುರಿಯನ್ನು ನೇರ ಮೇಲಕ್ಕೆ, ಎರಡನೇ ಸಾಲಿನ 3ಕ್ಕೆ ತಂದಳು. ಅದರ ಮೇಲೆಯೇ, ಮೊದಲ ಸಾಲಿನ 3ರಲ್ಲಿ ಹುಲಿ ಕೂತಿತ್ತು. ಹಾರಿತು, ಅವಳೇ ಖಾಲಿ ಮಾಡಿದ ಮನೆಯಲ್ಲಿ ಇಳಿಯಿತು. ಒಂದು ಕುರಿ ಹೋಯಿತು, ಗೋಡೆಯೊಳಗೆ ಹುಲಿಯೂ ಬಂತು.

"ಸರ್, ಬುಡದಲ್ಲಿ ಕುರಿ ಇತ್ತಲ್ಲ, ಅದು ಕಾವಲಲ್ವಾ?" ಅಂದಳು. ಒಳ್ಳೆಯ ಪ್ರಶ್ನೆ. ಕಾವಲು ತಕ್ಷಣದ ಹಿಂದಿನ ಮನೆಯಲ್ಲಿ ಇರಬೇಕು. ಬುಡದ ಕುರಿ ಅಲ್ಲಿಗೆ ಬರಲು ಒಂದು ನಡೆ ಬೇಕು, ಆ ಒಂದು ನಡೆಯನ್ನು ಹುಲಿ ಕೊಡುವುದಿಲ್ಲ.

ಅದೇ ಆಟವನ್ನು ಮತ್ತೆ ಜೋಡಿಸಿ ಮುಂದುವರಿಸಿದೆವು. ಈ ಸಲ ಹುಲಿಗಳು ಮೊದಲ ಸಾಲಿನ 2, 4 ಮತ್ತು ಎರಡನೇ ಸಾಲಿನ 4ರಲ್ಲಿ. ಮೊದಲ ಸಾಲಿನ 3 ಖಾಲಿ. ಈಗ ಅದೇ ನಡೆ ಸರಿ. ಪಕ್ಕದ ಹುಲಿ ಅಡ್ಡ ಹಾರೋಣವೆಂದರೆ ಎರಡನೇ ಸಾಲಿನ 2ರಲ್ಲಿ ನಮ್ಮ ಹದಿನೈದನೇ ಕುರಿ ಇದೆ. ಮೊದಲ ಸಾಲಿನ 4ರ ಹುಲಿ ಪಕ್ಕದ 3ಕ್ಕೆ ಸರಿದು ಹೆದರಿಸಿತು. ಅಷ್ಟರಲ್ಲಿ ಬುಡದ 3ರ ಕುರಿ ಮೇಲೆ ಬಂದು ತೂತು ಮುಚ್ಚಿತು. ಖಾಲಿ ಮನೆ ಬುಡಕ್ಕೆ ಹೋಯಿತು. ಆಮೇಲೆ ಬಲಗಡೆ. ಮೊದಲ ಸಾಲಿನ 5ರಲ್ಲಿ ಹುಲಿ ಇರಲಿಲ್ಲ, ಒಂದೇ ನಡೆಯಲ್ಲಿ ಅಲ್ಲಿಗೆ ಬರುವಂಥದ್ದೂ ಇರಲಿಲ್ಲ. ಮೂರನೇ ಸಾಲಿನ 5 ಮೇಲೆ ಹೋಯಿತು, ಬುಡದ 5 ಅದರ ಜಾಗಕ್ಕೆ ಬಂತು. ಈಗ ಐದರಲ್ಲಿ ಎರಡು ಖಾಲಿ ಮನೆ ನಮ್ಮ ಹಿಂದೆ, ಮೂರು ಹುಲಿಗಳ ಕಡೆ.

ಇಷ್ಟರಲ್ಲಿ ಒಂದು ಹುಲಿ ಮೊದಲ ಸಾಲಿನ 4ಕ್ಕೆ ಬಂದು ಕೂತಿತು. ಎರಡನೇ ಸಾಲಿನಲ್ಲಿ ಉಳಿದಿದ್ದ ಒಂದೇ ಬಾಗಿಲು, ಅಂದರೆ 4, ಅದರ ಕೆಳಗೇ ಇದೆ. ಈಗ ನುಗ್ಗಿದರೆ ಕುರಿ ಹೋಗುತ್ತದೆ. ಕಾಯಬೇಕು, ಆದರೆ ನಮ್ಮ ಸರದಿಯಲ್ಲಿ ಏನಾದರೂ ನಡೆಸಲೇಬೇಕು. ಜಾಸ್ತಿ ಜನ ಕುರಿ ಕಳೆದುಕೊಳ್ಳುವುದು ಇಲ್ಲೇ. ಕಾಯುವ ನಡೆಗೆ ಒಂದು ಬಿಡಿ ಕುರಿ ಬೇಕು. ಬುಡದ 2ರ ಕುರಿ ಅಂಥದ್ದು. ಅದರ ಮೇಲಿನ ಎರಡು ಮನೆಯಲ್ಲೂ ನಮ್ಮ ಕುರಿಗಳಿವೆ, ಅದು ಅಲ್ಲಾಡಿದರೆ ಏನೂ ಸಡಿಲವಾಗುವುದಿಲ್ಲ. 2ರಿಂದ 3ಕ್ಕೆ, ಮತ್ತೆ 2ಕ್ಕೆ ಓಡಾಡಿಸಿ. ಬುಡದ 4ನ್ನು ಮಾತ್ರ ಮುಟ್ಟಬೇಡಿ. ಹುಲಿ ಬಾಗಿಲಿಗೆ ಇಳಿದು ಬಂದರೆ ಮೂರನೇ ಸಾಲಿನ 4ಕ್ಕೆ ಬೆನ್ನಾಗಿರುವುದು ಅದೇ.

ಹುಲಿಗೂ ಸರದಿ ಬಿಡುವ ಹಾಗಿಲ್ಲ. ಬಾಗಿಲ ಮೇಲಿನ ಹುಲಿ ಸರಿದ ಕೂಡಲೇ ಮೂರನೇ ಸಾಲಿನ 4 ಮೇಲಕ್ಕೆ, ಬುಡದ 4 ಅದರ ಜಾಗಕ್ಕೆ. ಹುಲಿಗಳಿಗೆ ಉಳಿದದ್ದು ತುದಿ ಮತ್ತು ಅದರ ಕೆಳಗಿನ ನಾಲ್ಕು ಮನೆ. ಮೂರು ಹುಲಿ, ಎರಡೇ ಖಾಲಿ. ಇನ್ನು ಪಕ್ಕದಿಂದ. ಮೊದಲ ಸಾಲಿನ 2 ಖಾಲಿಯಿದ್ದು 3ರಲ್ಲಿ ಹುಲಿ ಇಲ್ಲದಾಗ, 1ರ ಕುರಿಯನ್ನು 2ಕ್ಕೆ ತನ್ನಿ, ಮುಂದಿನ ನಡೆಯಲ್ಲೇ ಎರಡನೇ ಸಾಲಿನ 1ನ್ನು ಅದರ ಬೆನ್ನಿಗೆ ಏರಿಸಿ. ಆಮೇಲೆ ತುದಿ ಖಾಲಿಯಾಗಿ ಹುಲಿಗಳು 3, 4, 5ರಲ್ಲಿ ಇದ್ದಾಗ, 2ರ ಕುರಿಯನ್ನು ತುದಿಗೆ ಏರಿಸಿ. ಹುಲಿಗೆ ಉಳಿಯುವ ನಡೆ 3ರಿಂದ 2ಕ್ಕೆ ಒಂದೇ. ಅದು ಸರಿದ ಕೂಡಲೇ ಎರಡನೇ ಸಾಲಿನ 3ರ ಕುರಿ ಮೇಲಕ್ಕೆ. ಕೊನೆಗೆ ಹುಲಿಗಳು ಮೊದಲ ಸಾಲಿನ 2, 4, 5ರಲ್ಲಿ ಕಟ್ಟಿಬೀಳುತ್ತವೆ. ಆ ಕಟ್ಟಿಗೆ ಬೇಕಾದದ್ದು ಹತ್ತೇ ಕುರಿ, ಎಣಿಸಿ ನೋಡಿ. ಹಾಗಾಗಿ ನಡುವೆ ಒಂದೆರಡು ಹೋದರೆ ಆಟ ಬಿಟ್ಟು ಏಳಬೇಡಿ.

ಎದುರಿಗಿರುವವರು ಪಳಗಿದವರಾದರೆ ಎರಡು ಹುಲಿಯನ್ನು ಮೊದಲ ಸಾಲಿನ 2 ಮತ್ತು 5ರಲ್ಲಿ ಗಟ್ಟಿಯಾಗಿ ಕೂರಿಸಿ, ಮೂರನೆಯದನ್ನಷ್ಟೇ ನಡುವೆ ಓಡಾಡಿಸುತ್ತಾರೆ. ಆಗ ಪಕ್ಕದ ಬಾಗಿಲು ಎರಡೂ ಬಂದ್. ನಡುವೆ ನುಗ್ಗಿದ ಕುರಿ ಸಾಯುತ್ತದೆ, ಇಲ್ಲವೇ ವಾಪಸ್ ಬರಬೇಕಾಗುತ್ತದೆ. ನೇಪಾಳದ ಬಾಘ್ ಚಾಲ್‌ನಲ್ಲಿ 25 ಮನೆ, 4 ಹುಲಿ, 20 ಮೇಕೆ. ಅಲ್ಲಿ ಎರಡೂ ಕಡೆಯವರು ತಪ್ಪದೆ ಆಡಿದರೆ ಡ್ರಾ ಅಂತ ಕಂಪ್ಯೂಟರ್ ಲೆಕ್ಕದಿಂದಲೇ ತೋರಿಸಿದ್ದಾರೆ. ನಮ್ಮ ಶನಿವಾರದ ಆಟದಲ್ಲಿ, ಎರಡು ಹುಲಿ ಹೀಗೆ ಕೂತು, ನಮ್ಮ ಬಿಡಿ ಕುರಿ ಬುಡದಲ್ಲಿ ಹತ್ತು ಸಲ ಆಚೀಚೆ ಹೋಗಿಬಂದರೆ ಸಮ ಅಂತ ಒಪ್ಪಿಕೊಂಡು ಕಾಯಿ ಎತ್ತುತ್ತೇವೆ.