ಬೋರ್ಡಿನ ಮೇಲಿರುವ ಹೆಸರು ಒಂದು, ನಿಮ್ಮ ಬಿಲ್ಲಿಗೆ ಹೊಣೆ ಇನ್ನೊಂದು

ವಿದೇಶಿ ಕಂಪನಿಯ ಜೊತೆ ವ್ಯವಹಾರ ಶುರು ಮಾಡುವ ಸಪ್ಲೈಯರ್‌ಗಳು ನನ್ನ ಹತ್ತಿರ ಬರುವಾಗ ಹೆಚ್ಚಿನವರ ಕೈಯಲ್ಲಿ ಒಂದು ದಪ್ಪ ಪುಸ್ತಕ ಇರುತ್ತದೆ. ಅದು ಆ ಬಹುರಾಷ್ಟ್ರೀಯ ಗುಂಪಿನ ವಾರ್ಷಿಕ ವರದಿ. ಸಾವಿರಾರು ಕೋಟಿ ಲಾಭ, ಹತ್ತಾರು ದೇಶ, ಹೊಳೆಯುವ ಫೋಟೋಗಳು. "ಇಷ್ಟು ದೊಡ್ಡ ಕಂಪನಿ ಸಾರ್, ದುಡ್ಡು ಎಲ್ಲಿಗೆ ಹೋಗುತ್ತೆ?" ಅಂತ ಕೇಳುತ್ತಾರೆ. ನಾನು ಆ ಪುಸ್ತಕ ಪಕ್ಕಕ್ಕಿಟ್ಟು ಅವರ ಪರ್ಚೇಸ್ ಆರ್ಡರ್ ನೋಡುತ್ತೇನೆ. ಅದರಲ್ಲಿ ಸಹಿ ಹಾಕಿದ್ದು ಆ ದೊಡ್ಡ ಕಂಪನಿ ಅಲ್ಲ. ಅದೇ ಹೆಸರಿನ ಮುಂದೆ ದೇಶದ ಹೆಸರು, ಕೊನೆಗೆ 'ಪ್ರೈವೇಟ್ ಲಿಮಿಟೆಡ್' ಅಂತಲೋ ಇನ್ನೇನೋ ಸೇರಿಸಿಕೊಂಡ ಸ್ಥಳೀಯ ಅಂಗಸಂಸ್ಥೆ.

ಕಾನೂನಿನ ಕಣ್ಣಲ್ಲಿ ಇವೆರಡೂ ಬೇರೆ ಬೇರೆ ವ್ಯಕ್ತಿಗಳು. ಇದು ಹೊಸ ವಿಷಯವೇನಲ್ಲ. 1897ರಲ್ಲಿ ಇಂಗ್ಲೆಂಡಿನ ಸಾಲೊಮನ್ ಮೊಕದ್ದಮೆಯ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿತು: ಕಂಪನಿ ಬೇರೆ, ಅದರ ಷೇರು ಹಿಡಿದವರು ಬೇರೆ. ನೂರಕ್ಕೆ ನೂರು ಷೇರು ಒಬ್ಬರದ್ದೇ ಆಗಿದ್ದರೂ ಕಂಪನಿಯ ಸಾಲ ಕಂಪನಿಯದ್ದೇ. ಷೇರುದಾರ ಇನ್ನೊಂದು ಕಂಪನಿ ಆಗಿದ್ದರೂ, ಸಮುದ್ರದಾಚೆ ಇದ್ದರೂ ಲೆಕ್ಕ ಇದೇ. ಸ್ಥಳೀಯ ಕಂಪನಿ ಮುಳುಗಿದರೆ ಮಾತೃಸಂಸ್ಥೆ ಕಳೆದುಕೊಳ್ಳುವುದು ತಾನು ಹಾಕಿದ ಬಂಡವಾಳ, ತಾನು ಕೊಟ್ಟ ಸಾಲ. ಅಷ್ಟೇ.

ಒಂದು ವಿನಾಯಿತಿ ಮೊದಲೇ ಹೇಳಿಬಿಡುತ್ತೇನೆ. ಆ ವಿದೇಶಿ ಕಂಪನಿ ಇಲ್ಲಿ ಬೇರೆ ಕಂಪನಿ ಕಟ್ಟದೆ ಬರೀ ಶಾಖೆ ತೆರೆದಿದ್ದರೆ ಕಥೆ ಬೇರೆ. ಶಾಖೆಗೆ ಸ್ವಂತ ಅಸ್ತಿತ್ವ ಇಲ್ಲ. ಶಾಖೆಯ ಬಾಕಿ ಅಂದರೆ ಮಾತೃಸಂಸ್ಥೆಯದ್ದೇ ಬಾಕಿ. ಆದ್ದರಿಂದ ನೋಂದಣಿ ದಾಖಲೆಯಲ್ಲಿ ಇದು ಶಾಖೆಯೋ ಕಂಪನಿಯೋ ಅನ್ನುವುದನ್ನು ಮೊದಲು ನೋಡಬೇಕು. ಕಂಪನಿ ಆಗಿದ್ದರೆ ಮುಂದಿನದ್ದನ್ನು ಗಮನವಿಟ್ಟು ಓದಿ.

ಗುಂಪಿನ ವಾರ್ಷಿಕ ವರದಿಯಲ್ಲಿ ತಪ್ಪು ಲೆಕ್ಕ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ, ಅಷ್ಟೇ. ಅದರಲ್ಲಿರುವುದು ಕ್ರೋಢೀಕೃತ ಲೆಕ್ಕ. ಮಾತೃಸಂಸ್ಥೆ ಮತ್ತು ಅದರ ಎಲ್ಲ ಅಂಗಸಂಸ್ಥೆಗಳೂ ಸೇರಿ ಒಂದೇ ಕಂಪನಿ ಅಂತ ಭಾವಿಸಿ ಬರೆದ ಲೆಕ್ಕ. ಹಾಗೆ ಬರೆಯುವಾಗ ಒಳಗೊಳಗಿನ ಕೊಡುಕೊಳ್ಳುವಿಕೆ ಎಲ್ಲ ಹೊಡೆದುಹೋಗುತ್ತದೆ. ಮಾತೃಸಂಸ್ಥೆ ಸ್ಥಳೀಯ ಕಂಪನಿಗೆ 45 ಕೋಟಿ ಸಾಲ ಕೊಟ್ಟಿದ್ದರೆ ಒಬ್ಬರ ಪುಸ್ತಕದಲ್ಲಿ ಅದು ಆಸ್ತಿ, ಇನ್ನೊಬ್ಬರದ್ದರಲ್ಲಿ ಸಾಲ. ಕೂಡಿಸಿದಾಗ ಎರಡೂ ಮಾಯ. ನಿಮಗೆ ಬರಬೇಕಾದ ಹಣ ಮಾತ್ರ ಗುಂಪಿನ ಒಟ್ಟು ಬಾಕಿಯಲ್ಲಿ ಸೇರಿಕೊಂಡಿರುತ್ತದೆ. ಆದರೆ ಅದನ್ನು ಕೊಡಬೇಕಾದವರು ಗುಂಪಿನಲ್ಲಿ ಯಾರು ಅಂತ ಅಲ್ಲಿ ಬರೆದಿರುವುದಿಲ್ಲ. ನಿಮಗೆ ಬೇಕಾದ ಎರಡೂ ಸಂಗತಿ ಆ ಪುಸ್ತಕದಲ್ಲಿ ಕಾಣುವುದಿಲ್ಲ ಅಂದಹಾಗಾಯಿತು.

ಅದಕ್ಕೇ ಸ್ಥಳೀಯ ಕಂಪನಿಯದ್ದೇ ಪ್ರತ್ಯೇಕ ಬ್ಯಾಲೆನ್ಸ್ ಶೀಟ್ ಬೇಕು. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಯಾವ ದೇಶದ ಹಣ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಅಂಗಸಂಸ್ಥೆಯ ಒಟ್ಟು ಆಸ್ತಿ 90 ಕೋಟಿ: ಗ್ರಾಹಕರಿಂದ ಬರಬೇಕಾದದ್ದು 32, ಸ್ಟಾಕ್ 30, ಯಂತ್ರಗಳು 18, ನಗದು 10. ಇದಕ್ಕೆ ದುಡ್ಡು ಎಲ್ಲಿಂದ ಬಂತು? ಷೇರು ಬಂಡವಾಳ ಮತ್ತು ಉಳಿಸಿಕೊಂಡ ಲಾಭ ಸೇರಿ ಬರೀ 10. ಮಾತೃಸಂಸ್ಥೆಯ ಸಾಲ 45. ಬ್ಯಾಂಕ್ ಸಾಲ 15, ಅದಕ್ಕೆ ಸ್ಟಾಕ್, ಯಂತ್ರ, ಗ್ರಾಹಕರ ಬಾಕಿ ಎಲ್ಲ ಅಡಮಾನ. ಉಳಿದ 20 ಸಪ್ಲೈಯರ್‌ಗಳಿಗೆ ಕೊಡಬೇಕಾದದ್ದು.

ಮಾತೃಸಂಸ್ಥೆ ಯಾಕೆ ಬಂಡವಾಳ ಹಾಕದೆ ಸಾಲ ಕೊಟ್ಟಿತು? ಕಾರಣಗಳಿವೆ. ಬಂಡವಾಳ ವಾಪಸ್ ತೆಗೆಯುವುದು ಬಹಳ ಕಡೆ ಕಷ್ಟದ ಕೆಲಸ. ಡಿವಿಡೆಂಡ್ ತೆಗೆಯಲು ಲಾಭ ಇರಬೇಕು. ಸಾಲದ ಬಡ್ಡಿ ಮಾತ್ರ ಲಾಭ ಇರಲಿ ಇಲ್ಲದಿರಲಿ ಹೋಗುತ್ತಿರುತ್ತದೆ, ಜೊತೆಗೆ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತಲೂ ತೋರಿಸಬಹುದು. ಇದು ಮಿತಿಮೀರಬಾರದು ಅಂತ ಎಷ್ಟೋ ದೇಶಗಳು ಬಡ್ಡಿಯ ಕಡಿತಕ್ಕೆ ಮೇಲ್ಮಿತಿ ಹಾಕಿವೆ. ಅದೇನೇ ಇರಲಿ, ಸಪ್ಲೈಯರ್‌ಗೆ ಮುಖ್ಯವಾಗುವ ಕಾರಣ ಬೇರೆಯೇ. ಅದು ಕಂಪನಿ ಮುಚ್ಚುವ ದಿನ ಗೊತ್ತಾಗುತ್ತದೆ.

ಎರಡು ವರ್ಷ ನಷ್ಟ ಆಯಿತು, ಮಾತೃಸಂಸ್ಥೆ ಈ ಮಾರುಕಟ್ಟೆ ಬೇಡ ಅಂತ ತೀರ್ಮಾನ ಮಾಡಿತು ಅಂದುಕೊಳ್ಳಿ. ಸ್ಥಳೀಯ ಕಂಪನಿ ಲಿಕ್ವಿಡೇಟರ್ ಕೈಗೆ ಹೋಗುತ್ತದೆ. ಪುಸ್ತಕದಲ್ಲಿರುವ ಬೆಲೆ ಆಗ ಸಿಗುವುದಿಲ್ಲ. ಗ್ರಾಹಕರ 32ರಲ್ಲಿ 18 ವಸೂಲಾಯಿತು, ಸ್ಟಾಕ್ 10ಕ್ಕೆ ಹೋಯಿತು, ಯಂತ್ರ 6ಕ್ಕೆ ಹೋಯಿತು, ನಗದು 10 ಹಾಗೇ ಇತ್ತು. ಒಟ್ಟು 44. ಬ್ಯಾಂಕ್ ತನ್ನ 15 ಮೊದಲು ತೆಗೆದುಕೊಳ್ಳುತ್ತದೆ. ಉಳಿಯಿತು 29. ಲಿಕ್ವಿಡೇಟರ್ ಖರ್ಚು, ಕಾರ್ಮಿಕರ ಬಾಕಿ ಸಂಬಳ ಅಂತ ಇನ್ನು 3 ಹೋದರೆ 26. ಈಗ ಅಡಮಾನ ಇಲ್ಲದವರ ಸರದಿ. ಆ ಸಾಲಿನಲ್ಲಿ ಸಪ್ಲೈಯರ್‌ಗಳ 20 ಇದೆ. ಅವರ ಪಕ್ಕದಲ್ಲೇ ಮಾತೃಸಂಸ್ಥೆಯ 45 ಕೂಡ ನಿಂತಿದೆ! ಒಟ್ಟು 65ಕ್ಕೆ 26, ಅಂದರೆ ಶೇಕಡಾ 40. ಸಪ್ಲೈಯರ್‌ಗಳಿಗೆ 8 ಕೋಟಿ, ಮಾತೃಸಂಸ್ಥೆಗೆ 18 ಕೋಟಿ.

ಆ 45 ಷೇರು ಬಂಡವಾಳವಾಗಿ ಬಂದಿದ್ದರೆ ಏನಾಗುತ್ತಿತ್ತು ನೋಡಿ. ಷೇರುದಾರರು ಸಾಲಿನ ಕಟ್ಟಕಡೆಗೆ. 26ರಲ್ಲಿ ಸಪ್ಲೈಯರ್‌ಗಳಿಗೆ ಪೂರ್ತಿ 20 ಸಿಕ್ಕಿ, ಉಳಿದ 6 ಮಾತ್ರ ಮಾತೃಸಂಸ್ಥೆಗೆ. ಅದೇ ಕಂಪನಿ, ಅದೇ ನಷ್ಟ, ಅದೇ ಹಣ. ಹಣಕ್ಕೆ ಕೊಟ್ಟ ಹೆಸರು ಬೇರೆ, ಅಷ್ಟೇ. ಕೆಲವು ದೇಶಗಳ ದಿವಾಳಿ ಕಾನೂನು ಷೇರುದಾರರು ಕೊಟ್ಟ ಸಾಲವನ್ನು ತಾನಾಗಿಯೇ ಹಿಂದಕ್ಕೆ ತಳ್ಳುತ್ತದೆ, ಜರ್ಮನಿ ಅಂಥದ್ದು. ಎಲ್ಲ ಕಡೆ ಹಾಗಿಲ್ಲ.

ಇದರಿಂದ ಬ್ಯಾಲೆನ್ಸ್ ಶೀಟಿನಲ್ಲಿ ನಾನು ಮೊದಲು ಹುಡುಕುವುದು ಲಾಭವನ್ನಲ್ಲ, ಸಂಬಂಧಿತ ಪಕ್ಷಗಳ ವ್ಯವಹಾರ ಅನ್ನುವ ಟಿಪ್ಪಣಿಯನ್ನು. ಗುಂಪಿನಿಂದ ಎಷ್ಟು ಸಾಲ ಬಂದಿದೆ, ಗುಂಪಿಗೆ ಎಷ್ಟು ಹಣ ಹೋಗಿದೆ ಅಂತ ಅಲ್ಲಿರುತ್ತದೆ. ಆ 10 ಕೋಟಿ 'ನಗದು' ನಿಜಕ್ಕೂ ಬ್ಯಾಂಕಿನಲ್ಲಿದೆಯಾ? ಎಷ್ಟೋ ಗುಂಪುಗಳಲ್ಲಿ ದಿನದ ಕೊನೆಗೆ ಎಲ್ಲ ದೇಶಗಳ ಖಾತೆಗಳನ್ನು ಗುಡಿಸಿ ಹಣವನ್ನು ಒಂದು ಟ್ರೆಷರಿ ಕಂಪನಿಗೆ ಕಳಿಸುತ್ತಾರೆ. ಕ್ಯಾಶ್ ಪೂಲಿಂಗ್ ಅಂತಾರೆ ಅದಕ್ಕೆ. ಹಾಗಿದ್ದರೆ ನಿಮ್ಮ ಗ್ರಾಹಕರ ಹತ್ತಿರ ಇರುವುದು ದುಡ್ಡಲ್ಲ, ಇನ್ನೊಂದು ಗುಂಪು ಕಂಪನಿ ಕೊಡಬೇಕಾದ ಬಾಕಿ. ಗುಂಪು ಗಟ್ಟಿಯಾಗಿರುವ ತನಕ ತೊಂದರೆ ಇಲ್ಲ. ಗುಂಪೇ ಕುಸಿದರೆ ಸ್ಥಳೀಯವಾಗಿ ಚೆನ್ನಾಗಿದ್ದ ಕಂಪನಿಯೂ ಸಂಬಳ ಕೊಡಲಾಗದೆ ನಿಲ್ಲುತ್ತದೆ.

ಲಾಭದ ಸಾಲನ್ನೂ ನಂಬಿ ಕೂರಬೇಡಿ. ಮಾತೃಸಂಸ್ಥೆಗೆ ಸಾಫ್ಟ್‌ವೇರ್ ಬರೆದುಕೊಡುವ, ಬಿಡಿಭಾಗ ಮಾಡಿಕೊಡುವ ಅಂಗಸಂಸ್ಥೆಗೆ ಖರ್ಚಿನ ಮೇಲೆ ಇಷ್ಟು ಶೇಕಡಾ ಅಂತ ಒಪ್ಪಂದ ಇರುವುದು ಮಾಮೂಲು. ತೆರಿಗೆಯವರು ಒಪ್ಪಬೇಕಲ್ಲ, ಹೊರಗಿನವರಿಗೆ ಕೊಡುವಷ್ಟೇ ದರ ಇದು ಅಂತ ತೋರಿಸಲು ಹಾಗೆ ನಿಗದಿ ಮಾಡಿರುತ್ತಾರೆ. ವರ್ಷ ವರ್ಷವೂ ಒಂದೇ ಅಳತೆಯ ಲಾಭ ಕಂಡರೆ ಅದು ಮಾರುಕಟ್ಟೆಯಲ್ಲಿ ಗೆದ್ದ ಲಾಭ ಅಲ್ಲ, ಒಪ್ಪಂದದಿಂದ ಬಂದದ್ದು. ಆ ಒಪ್ಪಂದ ಎಷ್ಟು ದಿನದ ನೋಟಿಸಿನಲ್ಲಿ ಮುಗಿಯುತ್ತದೆ ಅನ್ನುವುದೇ ಕೇಳಬೇಕಾದ ಪ್ರಶ್ನೆ.

"ಸರಿ ಸಾರ್, ಮಾತೃಸಂಸ್ಥೆಯಿಂದ ಪತ್ರ ತರಿಸಿಕೊಡುತ್ತಾರಂತೆ" ಅಂತ ಸಪ್ಲೈಯರ್ ಹೇಳುವುದು ಈ ಹಂತದಲ್ಲಿ. ಪತ್ರ ಬರುತ್ತದೆ, ಚಂದದ ಲೆಟರ್‌ಹೆಡ್ಡಿನಲ್ಲಿ. ಇಲ್ಲಿ ನಿಜವಾಗಿ ನಿಧಾನ ಮಾಡಬೇಕು. ಅದು ಗ್ಯಾರಂಟಿಯೋ, ಬರೀ ಭರವಸೆ ಪತ್ರವೋ?

ಈ ವ್ಯತ್ಯಾಸಕ್ಕೆ ಕ್ಲೈನ್‌ವರ್ಟ್ ಬೆನ್ಸನ್ ಬ್ಯಾಂಕಿನ ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಲೇಷಿಯಾ ಮೈನಿಂಗ್ ಕಾರ್ಪೊರೇಷನ್ ಎಂಬ ಕಂಪನಿ ಲಂಡನ್ನಿನಲ್ಲಿ ತವರದ ವ್ಯಾಪಾರಕ್ಕೆ ಅಂತ ಒಂದು ಅಂಗಸಂಸ್ಥೆ ಮಾಡಿತ್ತು. ಬ್ಯಾಂಕ್ ಅದಕ್ಕೆ 1 ಕೋಟಿ ಪೌಂಡ್ ತನಕ ಸಾಲದ ಸೌಲಭ್ಯ ಕೊಟ್ಟಿತು. ಬ್ಯಾಂಕ್ ಕೇಳಿದ್ದು ಗ್ಯಾರಂಟಿ. ಮಾತೃಸಂಸ್ಥೆ ಒಪ್ಪಲಿಲ್ಲ. ಬದಲಿಗೆ ಪತ್ರ ಕೊಟ್ಟಿತು: ನಮ್ಮ ಅಂಗಸಂಸ್ಥೆ ನಿಮ್ಮ ಬಾಕಿ ತೀರಿಸುವ ಸ್ಥಿತಿಯಲ್ಲಿ ಸದಾ ಇರುವಂತೆ ನೋಡಿಕೊಳ್ಳುವುದು ನಮ್ಮ ನೀತಿ, ಅಂತ. 1985ರ ಅಕ್ಟೋಬರಿನಲ್ಲಿ ತವರದ ಮಾರುಕಟ್ಟೆ ಕುಸಿಯಿತು, ಅಂಗಸಂಸ್ಥೆ ದಿವಾಳಿಯಾಯಿತು. ಬ್ಯಾಂಕ್ ಮಾತೃಸಂಸ್ಥೆಯನ್ನು ಕೇಳಿತು. 1988ರಲ್ಲಿ ಕೆಳಗಿನ ಕೋರ್ಟಿನಲ್ಲಿ ಬ್ಯಾಂಕೇ ಗೆದ್ದಿತು. 1989ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿಹಾಕಿತು. 'ನಮ್ಮ ನೀತಿ ಇದು' ಅನ್ನುವುದು ಆ ದಿನದ ನೀತಿ ಏನು ಅಂತ ಹೇಳಿದ ಮಾತು. ಮುಂದೆಯೂ ಆ ನೀತಿ ಬದಲಾಗದು ಅಂತ ಕೊಟ್ಟ ಮಾತಲ್ಲ. ಗ್ಯಾರಂಟಿ ಕೇಳಿ ಸಿಗದೆ ಈ ಪತ್ರಕ್ಕೆ ಒಪ್ಪಿಕೊಂಡಿದ್ದೇ ಬ್ಯಾಂಕಿಗೆ ತಿರುಗುಬಾಣವಾಯಿತು.

ಆದ್ದರಿಂದ ಪತ್ರದಲ್ಲಿ 'ಬೆಂಬಲಿಸುವ ಉದ್ದೇಶ ಇದೆ', 'ನಮ್ಮ ನೀತಿ', 'ಅರಿವಿದೆ' ಅನ್ನುವಂಥ ಮಾತುಗಳಿದ್ದರೆ ಅದಕ್ಕೆ ಹಣದ ಬೆಲೆ ಹಚ್ಚಬೇಡಿ. ಅಂಗಸಂಸ್ಥೆ ಕೊಡದಿದ್ದರೆ ನಾವು ಕೊಡುತ್ತೇವೆ ಅಂತ ನೇರವಾಗಿ ಬರೆದಿರಬೇಕು. ಸಹಿ ಮಾಡಿದ್ದು ಮಾತೃಸಂಸ್ಥೆಯೇನಾ ಅಥವಾ ಖಾಲಿ ಜೇಬಿನ ಇನ್ನೊಂದು ಮಧ್ಯದ ಹೋಲ್ಡಿಂಗ್ ಕಂಪನಿಯಾ? ಸಹಿ ಮಾಡಿದವರಿಗೆ ಆ ಅಧಿಕಾರ ಇದೆಯಾ? ಎಷ್ಟು ಮೊತ್ತದ ತನಕ, ಯಾವ ತಾರೀಖಿನ ತನಕ? ಯಾವ ದೇಶದ ಕೋರ್ಟು? ಇಲ್ಲಿ ಗೆದ್ದ ತೀರ್ಪು ಅಲ್ಲಿ ಜಾರಿಯಾಗದಿದ್ದರೆ ಗೆದ್ದೂ ಸೋತಂತೆ.

ಮಾತೃಸಂಸ್ಥೆ ಯಾವಾಗಲೂ ತಪ್ಪಿಸಿಕೊಳ್ಳುತ್ತದೆ ಅಂತಲೂ ಅಲ್ಲ. ಝಾಂಬಿಯಾದ ತಾಮ್ರದ ಗಣಿಯಿಂದ ನೀರು ಕೆಟ್ಟಿತು ಅಂತ ಅಲ್ಲಿನ ಹಳ್ಳಿಯವರು ವೇದಾಂತ ಮಾತೃಸಂಸ್ಥೆಯ ಮೇಲೆ ಇಂಗ್ಲೆಂಡಿನಲ್ಲಿ ಹೂಡಿದ ದಾವೆ ಮುಂದುವರಿಯಬಹುದು ಅಂತ 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಅಂಗಸಂಸ್ಥೆಯ ಪರದೆ ಹರಿದು ಒಳಗೆ ನೋಡಿದ್ದರಿಂದ ಅಲ್ಲ. ಪರಿಸರದ ವಿಷಯದಲ್ಲಿ ಗುಂಪಿನ ನಿಯಮಗಳು, ಅವುಗಳ ಮೇಲುಸ್ತುವಾರಿ ತನ್ನದು ಅಂತ ಮಾತೃಸಂಸ್ಥೆಯೇ ಹೇಳಿಕೊಂಡಿತ್ತು. ಹಾಗಾಗಿ ಅದರ ಸ್ವಂತ ಹೊಣೆಯನ್ನು ವಾದಿಸಲು ಜಾಗವಿದೆ ಅಂತ. ಆದರೆ ಇದು ಹಾನಿಗೊಳಗಾದವರ ದಾರಿ. ಕರಾರು ಮಾಡಿಕೊಂಡು ಮಾಲು ಕೊಟ್ಟ ಸಪ್ಲೈಯರ್‌ಗೆ ಈ ದಾರಿ ತೆರೆಯುವುದು ತೀರಾ ಅಪರೂಪ. ನೀವು ಯಾರ ಜೊತೆ ಕರಾರು ಮಾಡಿದ್ದೀರಿ ಅಂತ ನಿಮಗೆ ಗೊತ್ತಿತ್ತಲ್ಲ ಅಂತ ಕೋರ್ಟು ಕೇಳುತ್ತದೆ.

ಗ್ಯಾರಂಟಿ ಕೊಡಲ್ಲ ಅಂದರೆ? ದೊಡ್ಡ ಗುಂಪುಗಳು ಚಿಕ್ಕ ಸಪ್ಲೈಯರ್‌ಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಸುಮ್ನೆ ಹಠ ಹಿಡಿದು ಆರ್ಡರ್ ಕಳೆದುಕೊಳ್ಳುವುದೂ ಬೇಡ. ನಾನು ಆಗ ಕೇಳಿಸುವುದು ಇನ್ನೊಂದು ಚಿಕ್ಕ ಪತ್ರ: ಸಪ್ಲೈಯರ್‌ಗಳ ಬಾಕಿ ತೀರುವ ತನಕ ನಮ್ಮ ಸಾಲ ವಾಪಸ್ ಕೇಳುವುದಿಲ್ಲ, ಕಂಪನಿ ಮುಚ್ಚಿದರೂ ಅವರ ಹಿಂದೆ ನಿಲ್ಲುತ್ತೇವೆ, ಅಂತ. ಮಾತೃಸಂಸ್ಥೆ ಇದರಲ್ಲಿ ಹೊಸ ಹಣ ಕೊಡಬೇಕಾಗಿಲ್ಲ, ಹಾಗಾಗಿ ಒಪ್ಪುವ ಸಾಧ್ಯತೆ ಜಾಸ್ತಿ. ಮೇಲಿನ ಲೆಕ್ಕದಲ್ಲಿ 8ನ್ನು 20 ಮಾಡುವುದು ಇದೇ. ಅದೂ ಸಿಗದಿದ್ದರೆ ಸಾಲದ ಅವಧಿಯನ್ನು 90 ದಿನದಿಂದ 30ಕ್ಕೆ ಇಳಿಸಿ, ಒಂದು ಸಲಕ್ಕೆ ಬಾಕಿ ಇರಬಹುದಾದ ಮೊತ್ತಕ್ಕೆ ಮಿತಿ ಹಾಕಿ, ದುಡ್ಡು ಬರುವ ತನಕ ಮಾಲಿನ ಒಡೆತನ ನಮ್ಮದೇ ಅಂತ ಕರಾರಿನಲ್ಲಿ ಬರೆಸಿ.